ಹಿಂದಿನ ಪುಟದ ರಫ್ ವರ್ಕ್‌ಗೆ ಅಂಕ ಕೊಡಬೇಕೇ? ಗಣಿತ ಉತ್ತರ ಪತ್ರಿಕೆಯಲ್ಲಿ ನಿರ್ಧರಿಸುವ ಕ್ರಮ

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿಯ ಒಂದೇ ಉತ್ತರವನ್ನು ನೆರಳಚ್ಚು ಮಾಡಿಸಿ ನಾಲ್ವರು ಗಣಿತ ಶಿಕ್ಷಕರಿಗೆ ಕೊಟ್ಟೆ. ಅದು ಮೂರು ಅಂಕದ ಪ್ರಶ್ನೆ. ಒಬ್ಬರು ಒಂದೂವರೆ ಕೊಟ್ಟರು, ಒಬ್ಬರು ಎರಡು, ಉಳಿದ ಇಬ್ಬರು ಪೂರ್ತಿ ಮೂರು. ನಾಲ್ವರ ಕೈಯಲ್ಲೂ ಇದ್ದದ್ದು ಒಂದೇ ಮಾದರಿ ಉತ್ತರ, ಒಂದೇ ಹಂತವಾರು ಅಂಕಪಟ್ಟಿ. ಉತ್ತರದ ಪುಟದ ಬಗ್ಗೆ ಅವರಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ. ಜಗಳವೆಲ್ಲ ಕೊನೆಯ ಪುಟದಲ್ಲಿ ಆಕೆ ಮಾಡಿದ್ದ ರಫ್ ವರ್ಕ್‌ನದು. ಉತ್ತರದಲ್ಲಿ ಎಲ್ಲಿಯೂ ‘ಕೊನೆಯ ಪುಟ ನೋಡಿ’ ಎಂದು ಆಕೆ ಬರೆದಿರಲಿಲ್ಲ.

ಪ್ರತಿ ವರ್ಷ ಇದೇ ಜಾಗದಲ್ಲಿ ನಾವು ಎಡವುತ್ತೇವೆ. ಆದ್ದರಿಂದ ಆ ಉತ್ತರವನ್ನೇ ಮುಂದಿಟ್ಟುಕೊಂಡು, ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಎಂದು ಬರೆಯುತ್ತಿದ್ದೇನೆ. ಹೆಜ್ಜೆಗಳ ಕ್ರಮ ತಪ್ಪಿದರೆ ಫಲವೂ ತಪ್ಪುತ್ತದೆ. ದಯವಿಟ್ಟು ನಡುವಿನಿಂದ ಓದಬೇಡಿ.

ಪ್ರಶ್ನೆ ಮತ್ತು ಉತ್ತರ

ಪ್ರಶ್ನೆ ಹೀಗಿತ್ತು: ‘ಆಯತಾಕಾರದ ಹೂದೋಟವೊಂದರ ಉದ್ದವು ಅಗಲಕ್ಕಿಂತ 7 ಮೀ ಹೆಚ್ಚು. ಅದರ ಕರ್ಣ 17 ಮೀ. ಉದ್ದ ಮತ್ತು ಅಗಲ ಕಂಡುಹಿಡಿಯಿರಿ.’

ಅಂಕ ಹಂಚಿಕೆ: ಸಮೀಕರಣ ರಚನೆಗೆ 1, ಆದರ್ಶ ರೂಪಕ್ಕೆ ತಂದದ್ದಕ್ಕೆ ½, ಅಪವರ್ತಿಸಿದ್ದಕ್ಕೆ ½, ಎರಡೂ ಮೂಲಗಳನ್ನು ಬರೆದು ಋಣ ಮೂಲವನ್ನು ಬಿಟ್ಟದ್ದಕ್ಕೆ ½, ಉದ್ದ ಮತ್ತು ಅಗಲ ಬರೆದದ್ದಕ್ಕೆ ½.

ಉತ್ತರದ ಪುಟದಲ್ಲಿ ಆಕೆ ಬರೆದದ್ದು ಇಷ್ಟೇ:

```
ಅಗಲ = x ಮೀ, ಉದ್ದ = (x + 7) ಮೀ
x² + (x + 7)² = 17²
∴ x = 8
ಅಗಲ = 8 ಮೀ, ಉದ್ದ = 15 ಮೀ
```

ಕೊನೆಯ ಪುಟದಲ್ಲಿ, ಬೇರೆ ಬೇರೆ ಗುಣಾಕಾರಗಳ ನಡುವೆ, ಪ್ರಶ್ನೆ ಸಂಖ್ಯೆಯಿಲ್ಲದೆ ಇದು ಇತ್ತು:

```
2x² + 14x + 49 − 289
x² + 7x − 120 = 0
15 × 8 = 120    15 − 8 = 7
(x + 15)(x − 8)
```

ಮುಂದೆ ಓದುವ ಮೊದಲು ನೀವಾಗಿದ್ದರೆ ಎಷ್ಟು ಕೊಡುತ್ತಿದ್ದಿರಿ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಬೇಕಾಗುವ ಸಾಮಗ್ರಿ

ಪ್ರಶ್ನೆ ಪತ್ರಿಕೆ, ಹಂತವಾರು ಅಂಕಪಟ್ಟಿ, ಒಂದು ಪೆನ್ಸಿಲ್, ಮತ್ತು ಒಂದು ಚಿಕ್ಕ ನೋಟ್‌ಬುಕ್. ಪೆನ್ಸಿಲ್ ಏಕೆ ಎಂಬುದು ಮೂರನೇ ಹಂತದಲ್ಲಿ ಬರುತ್ತದೆ. ನೋಟ್‌ಬುಕ್ ಇಲ್ಲದೆ ಕೊನೆಯ ಹಂತವನ್ನು ಮಾಡಲು ಬರುವುದಿಲ್ಲ.

ಹಂತ 1: ಕಟ್ಟು ಬಿಚ್ಚುವ ಮೊದಲು ನಿಯಮ ಕೇಳಿಕೊಳ್ಳಿ

ರಫ್ ವರ್ಕ್‌ಗೆ ಅಂಕವಿದೆಯೇ ಎಂಬುದು ಮೊದಲಿಗೆ ಆ ಪರೀಕ್ಷೆ ನಡೆಸುವವರು ತೀರ್ಮಾನಿಸುವ ವಿಷಯ. ಎಲ್ಲ ಕಡೆ ಒಂದೇ ನಿಯಮವಿಲ್ಲ. ಐಸಿಎಸ್‌ಇ ಗಣಿತ ಪ್ರಶ್ನೆ ಪತ್ರಿಕೆಯ ಮೇಲೆ, ರಫ್ ವರ್ಕ್ ಸಹಿತ ಎಲ್ಲ ಲೆಕ್ಕವನ್ನೂ ಸ್ಪಷ್ಟವಾಗಿ ತೋರಿಸಬೇಕು, ಅದನ್ನು ಉತ್ತರ ಇರುವ ಹಾಳೆಯಲ್ಲೇ ಮಾಡಬೇಕು, ಅಗತ್ಯವಾದ ಲೆಕ್ಕ ಬಿಟ್ಟರೆ ಅಂಕ ಹೋಗುತ್ತದೆ ಎಂದು ಮುದ್ರಿಸಿರುತ್ತಾರೆ. ಅಲ್ಲಿ ರಫ್ ವರ್ಕ್ ಉತ್ತರದ ಭಾಗವೇ. ‘ಈ ಪುಟದಲ್ಲಿ ಬರೆದದ್ದನ್ನು ಪರಿಗಣಿಸುವುದಿಲ್ಲ’ ಎಂದು ಹಾಳೆಯ ಮೇಲೇ ಅಚ್ಚಾಗಿದ್ದರೆ ಪರಿಸ್ಥಿತಿ ತದ್ವಿರುದ್ಧ. ಮಕ್ಕಳಿಗೆ ಮೊದಲೇ ಹೇಳಿಯಾಗಿದೆ, ನಾವು ಅದನ್ನು ಮೀರುವಂತಿಲ್ಲ.

ಆದ್ದರಿಂದ ಮೂರು ಕಡೆ ನೋಡಿ: ಪ್ರಶ್ನೆ ಪತ್ರಿಕೆಯ ಸೂಚನೆಗಳು, ಉತ್ತರ ಪತ್ರಿಕೆಯ ಮುಖಪುಟ, ಅಂಕಪಟ್ಟಿಯ ಜೊತೆಗಿನ ಸಾಮಾನ್ಯ ಸೂಚನೆಗಳು. ಮೂರರಲ್ಲೂ ಏನೂ ಇಲ್ಲದಿದ್ದರೆ, ಬೋರ್ಡ್ ಪರೀಕ್ಷೆಯಾದರೆ ಮೌಲ್ಯಮಾಪನ ಕೇಂದ್ರದಲ್ಲಿ ನಿಮ್ಮ ತಂಡದ ಉಪ ಮುಖ್ಯ ಮೌಲ್ಯಮಾಪಕರನ್ನು ಕೇಳಿ, ಶಾಲೆಯ ಪರೀಕ್ಷೆಯಾದರೆ ವಿಷಯ ಶಿಕ್ಷಕರೆಲ್ಲ ಸೇರಿ ಒಂದು ತೀರ್ಮಾನಕ್ಕೆ ಬನ್ನಿ. ಕೇಳುವುದನ್ನು ಮೊದಲ ಪತ್ರಿಕೆ ತಿದ್ದುವ ಮುನ್ನವೇ ಕೇಳಬೇಕು. ಹನ್ನೆರಡು ಪತ್ರಿಕೆ ತಿದ್ದಿದ ಮೇಲೆ ಎದ್ದುಹೋಗಿ ಕೇಳುವವರನ್ನು ನಾನು ಬಹಳ ನೋಡಿದ್ದೇನೆ. ಅಷ್ಟು ಹೊತ್ತಿಗೆ ಹನ್ನೆರಡು ಮಕ್ಕಳಿಗೆ ಒಂದು ನಿಯಮ, ಹದಿಮೂರನೆಯವರಿಗೆ ಇನ್ನೊಂದು ನಿಯಮ ಆಗಿರುತ್ತದೆ.

ಮುಂದಿನ ಹಂತಗಳೆಲ್ಲ ಬೇಕಾಗುವುದು ನಿಯಮ ಸುಮ್ಮನಿರುವಾಗ, ಅಥವಾ ‘ಸಂಬಂಧಪಟ್ಟ ರಫ್ ವರ್ಕ್ ಪರಿಗಣಿಸಿ’ ಎಂದಷ್ಟೇ ಹೇಳಿ ನಿರ್ಧಾರವನ್ನು ನಮಗೆ ಬಿಟ್ಟಾಗ.

ಹಂತ 2: ಮೊದಲು ಇಡೀ ಪತ್ರಿಕೆಯನ್ನು ಮಗುಚಿ ನೋಡಿ

ಒಂದು ಅಂಕವನ್ನೂ ಬರೆಯುವ ಮೊದಲು ಪತ್ರಿಕೆಯನ್ನು ಕೊನೆಯ ಪುಟದಿಂದ ಮೊದಲ ಪುಟದವರೆಗೆ ಒಮ್ಮೆ ಮಗುಚಿ. ಎಲ್ಲಿ ರಫ್ ವರ್ಕ್ ಇದೆ, ಹೆಚ್ಚುವರಿ ಹಾಳೆ ಕಟ್ಟಿದ್ದಾರೆಯೇ, ಉತ್ತರಗಳ ನಡುವೆ ಖಾಲಿ ಬಿಟ್ಟ ಪುಟದಲ್ಲಿ ಏನಾದರೂ ಬರೆದಿದ್ದಾರೆಯೇ ಎಂದು ಕಣ್ಣಾಡಿಸಿದರೆ ಸಾಕು. ಇದಕ್ಕೆ ಅರ್ಧ ನಿಮಿಷವೂ ಬೇಡ. ಈಗಲೇ ಏನನ್ನೂ ಓದಿ ತೂಗಬೇಡಿ.

ಇಲ್ಲಿ ಮಾಡುವ ತಪ್ಪು ಒಂದೇ: ಎಲ್ಲ ತಿದ್ದಿ, ಮುಖಪುಟದ ಕೋಷ್ಟಕದಲ್ಲಿ ಒಟ್ಟು ಹಾಕಿ, ಪತ್ರಿಕೆ ಮುಚ್ಚುವಾಗ ಕೊನೆಯ ಪುಟ ಕಣ್ಣಿಗೆ ಬೀಳುವುದು. ಆಗ ಮತ್ತೆ ಬಿಚ್ಚಲು ಬೇಸರ. ಬಿಚ್ಚಿದರೂ ಒಟ್ಟು ಅಂಕ ಈಗಾಗಲೇ ಗೊತ್ತಿರುವುದರಿಂದ ತೀರ್ಮಾನ ಆ ಒಟ್ಟಿನ ಕಡೆಗೆ ವಾಲುತ್ತದೆ.

ಹಂತ 3: ಮುಖ್ಯ ಉತ್ತರವನ್ನು ಅದೊಂದೇ ಎಂಬಂತೆ ತಿದ್ದಿ

ಈಗ ಕೊನೆಯ ಪುಟವಿಲ್ಲ ಎಂದುಕೊಂಡು ಉತ್ತರವನ್ನು ಅಂಕಪಟ್ಟಿಯ ಪ್ರಕಾರ ತಿದ್ದಿ, ಪ್ರತಿ ಹಂತದ ಪಕ್ಕ ಪೆನ್ಸಿಲ್‌ನಲ್ಲಿ ಗುರುತಿಸಿ. ಆ ವಿದ್ಯಾರ್ಥಿನಿಯ ಉತ್ತರದಲ್ಲಿ ಸಮೀಕರಣಕ್ಕೆ 1, ಕೊನೆಯ ಉದ್ದ ಮತ್ತು ಅಗಲಕ್ಕೆ ½. ನಡುವಿನ ಮೂರು ಹಂತಗಳು ಪುಟದಲ್ಲಿ ಇಲ್ಲ. ಒಟ್ಟು 1½.

ಈ ಹಂತವನ್ನು ಬಿಟ್ಟು ನೇರವಾಗಿ ರಫ್ ವರ್ಕ್ ಓದಿದರೆ ಏನಾಗುತ್ತದೆ? ಕೊನೆಯ ಪುಟದಲ್ಲಿ ಸರಿಯಾದ ಅಪವರ್ತನ ಕಂಡ ಕೂಡಲೇ ಮನಸ್ಸು ‘ಈ ಮಗುವಿಗೆ ಗೊತ್ತಿದೆ’ ಎಂದು ತೀರ್ಮಾನಿಸಿಬಿಡುತ್ತದೆ. ಆಮೇಲೆ ಕಣ್ಣು ಉತ್ತರದ ಪುಟದಲ್ಲಿ ಇಲ್ಲದ ಸಾಲುಗಳನ್ನೂ ಓದತೊಡಗುತ್ತದೆ. ಮೂರು ಅಂಕ ಕೊಟ್ಟ ಇಬ್ಬರನ್ನೂ ಕೇಳಿದೆ. ಇಬ್ಬರೂ ಮೊದಲು ನೋಡಿದ್ದು ಕೊನೆಯ ಪುಟವನ್ನು. x = −15 ಎಂಬ ಮೂಲ ಎಲ್ಲಿದೆ ತೋರಿಸಿ ಎಂದಾಗ ಇಬ್ಬರೂ ಎರಡೂ ಪುಟಗಳನ್ನು ಹುಡುಕಿದರು. ಅದು ಎಲ್ಲಿಯೂ ಇರಲಿಲ್ಲ.

ಪೆನ್ಸಿಲ್ ಗುರುತಿನಿಂದ ಇನ್ನೊಂದು ಉಪಯೋಗವಿದೆ. ಯಾವ ಹಂತ ಖಾಲಿ ಎಂಬುದು ಎದುರಿಗೇ ಕಾಣುತ್ತದೆ. ಆ ಖಾಲಿ ಜಾಗಗಳಿಗಾಗಿ ಮಾತ್ರ ನೀವು ರಫ್ ವರ್ಕ್ ನೋಡಬೇಕು. ಖಾಲಿಯೇ ಇಲ್ಲದಿದ್ದರೆ, ಅಂದರೆ ಮುಖ್ಯ ಉತ್ತರಕ್ಕೇ ಪೂರ್ಣ ಅಂಕ ಬಂದಿದ್ದರೆ, ಕೊನೆಯ ಪುಟಕ್ಕೆ ಹೋಗುವ ಅಗತ್ಯವೇ ಇಲ್ಲ.

ಹಂತ 4: ಈ ರಫ್ ವರ್ಕ್ ಈ ಪ್ರಶ್ನೆಯದೇ?

ಉತ್ತರದಲ್ಲಿ ಉಲ್ಲೇಖ ಇಲ್ಲದಿರುವುದರಿಂದ ಸಂಬಂಧವನ್ನು ನಾವೇ ಸಾಬೀತು ಮಾಡಿಕೊಳ್ಳಬೇಕು. ಉತ್ತರದ ಪಕ್ಕದ ಮಾರ್ಜಿನ್‌ನಲ್ಲಿ ಇದ್ದರೆ ಕೆಲಸ ಸುಲಭ, ಜಾಗವೇ ಹೇಳುತ್ತದೆ. ಆದರೂ ಒಂದು ಎಚ್ಚರ: ಪುಟದ ತಳದ ಮಾರ್ಜಿನ್‌ನಲ್ಲಿರುವುದು ಎಷ್ಟೋ ಸಲ ಮುಂದಿನ ಪ್ರಶ್ನೆಯ ಲೆಕ್ಕವಾಗಿರುತ್ತದೆ.

ಹಿಂದಿನ ಪುಟದಲ್ಲಿದ್ದಾಗ ನಾನು ಎರಡು ಕೊಂಡಿಗಳನ್ನು ಹುಡುಕುತ್ತೇನೆ. ಮೊದಲನೆಯದು, ಉತ್ತರದಲ್ಲಿ ಎಲ್ಲಿ ನಿಲ್ಲಿಸಿದ್ದಾರೋ ಅಲ್ಲಿಂದ ರಫ್ ವರ್ಕ್ ಶುರುವಾಗುತ್ತದೆಯೇ? ಎರಡನೆಯದು, ರಫ್ ವರ್ಕ್ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಉತ್ತರ ಮತ್ತೆ ಮುಂದುವರಿಯುತ್ತದೆಯೇ? ನಮ್ಮ ಉದಾಹರಣೆಯಲ್ಲಿ ಉತ್ತರ ನಿಂತದ್ದು x² + (x + 7)² = 17² ಎಂಬಲ್ಲಿ. ರಫ್ ವರ್ಕ್‌ನ ಮೊದಲ ಸಾಲು ಅದನ್ನೇ ಬಿಡಿಸಿದ ರೂಪ: 49 ಬಂದದ್ದು 7ರ ವರ್ಗದಿಂದ, 289 ಬಂದದ್ದು 17ರ ವರ್ಗದಿಂದ. ರಫ್ ವರ್ಕ್ ಮುಗಿದದ್ದು (x − 8) ಎಂಬಲ್ಲಿ, ಉತ್ತರ ಮುಂದುವರಿದದ್ದು x = 8 ಎಂದು. ಎರಡೂ ತುದಿ ಕೂಡಿದವು. ಇಂಥಲ್ಲಿ ‘ಹಿಂದಿನ ಪುಟ ನೋಡಿ’ ಎಂಬ ಮಾತು ಇಲ್ಲದಿದ್ದರೂ ಸಂಬಂಧ ಖಚಿತ.

ಒಂದೇ ತುದಿ ಕೂಡಿದರೆ ಅನುಮಾನ ಪಡಿ. ಕೊನೆಯ ಪುಟದಲ್ಲಿ ಬರೀ ‘15 × 8 = 120’ ಎಂದಿದ್ದರೆ ಅದು ಯಾವ ಪ್ರಶ್ನೆಯದೂ ಆಗಬಹುದು. ಸಮಾಂತರ ಶ್ರೇಢಿಯ ಮೊತ್ತವೋ ಸಿಲಿಂಡರಿನ ವಿಸ್ತೀರ್ಣವೋ ಯಾರಿಗೆ ಗೊತ್ತು? ಆಗ ಪ್ರಶ್ನೆ ಪತ್ರಿಕೆ ತೆಗೆದು ಅದೇ ಸಂಖ್ಯೆಗಳು ಬರಬಹುದಾದ ಬೇರೆ ಪ್ರಶ್ನೆ ಇದೆಯೇ ನೋಡಿ. ಇದ್ದರೆ ಅಂಕವಿಲ್ಲ.

ಹಂತ 5: ಅಂಕಪಟ್ಟಿಯಲ್ಲಿರುವ ಹಂತವೋ, ಬರೀ ಕೂಡಿ ಕಳೆದದ್ದೋ?

ರಫ್ ವರ್ಕ್‌ನಲ್ಲಿ ಎರಡು ಬಗೆ. ಒಂದು, ಕೈಲೆಕ್ಕ: 17 × 17, 289 − 49 ಇಂಥವು. ಇನ್ನೊಂದು, ಉತ್ತರದಲ್ಲಿ ಬರೆಯಬೇಕಿದ್ದು ಕೊನೆಯ ಪುಟಕ್ಕೆ ಹೋದ ಸಾಲುಗಳು. ಅಂಕವಿರುವುದು ಎರಡನೆಯದಕ್ಕೆ ಮಾತ್ರ. ಕೈಲೆಕ್ಕವನ್ನು ಉತ್ತರದ ಪುಟದಲ್ಲೇ ಬರೆದಿದ್ದರೂ ಅದಕ್ಕೆ ಅಂಕವಿರಲಿಲ್ಲ. ಹಿಂದಿನ ಪುಟಕ್ಕೆ ಹೋದ ಮಾತ್ರಕ್ಕೆ ಅದಕ್ಕೆ ಬೆಲೆ ಹೆಚ್ಚುವುದಿಲ್ಲ.

ಎರಡು ಅಂಕ ಕೊಟ್ಟ ಶಿಕ್ಷಕರು ಇಲ್ಲಿ ಎಡವಿದ್ದರು. ‘ರಫ್ ವರ್ಕ್ ಮಾಡಿದ್ದಾಳೆ, ಅದಕ್ಕೊಂದು ಅರ್ಧ ಅಂಕ ಇರಲಿ’ ಎಂದರು. ಯಾವ ಹಂತದ ಅರ್ಧ ಎಂದು ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ. ಕನಿಕರದಿಂದ ಕೊಡುವ ಇಂಥ ಅರ್ಧ ಅಂಕ ಈ ಕೆಲಸದಲ್ಲಿ ಅತಿ ದೊಡ್ಡ ಅಪಾಯ, ಏಕೆಂದರೆ ಅದನ್ನು ಮುಂದಿನ ಪತ್ರಿಕೆಯಲ್ಲಿ ಅದೇ ರೀತಿ ಕೊಡಲು ಸಾಧ್ಯವಿಲ್ಲ. ಅಂಕಪಟ್ಟಿಯ ಯಾವ ಸಾಲಿಗೆ ಈ ಅಂಕ ಎಂದು ಬೆರಳಿಟ್ಟು ತೋರಿಸಲಾಗದಿದ್ದರೆ ಕೊಡಬೇಡಿ.

ನಮ್ಮ ವಿದ್ಯಾರ್ಥಿನಿಯ ವಿಷಯದಲ್ಲಿ ಬೆರಳಿಟ್ಟು ತೋರಿಸಬಹುದಾದ ಸಾಲುಗಳು ಎರಡು. x² + 7x − 120 = 0 ಎಂಬುದು ಆದರ್ಶ ರೂಪ, ½. (x + 15)(x − 8) ಎಂಬುದು ಅಪವರ್ತನ, ½. ಅದರ ಮುಂದೆ ‘= 0’ ಬರೆದಿಲ್ಲ ಎಂದು ಒಬ್ಬರು ಆಕ್ಷೇಪಿಸಿದರು. ಮೇಲಿನ ಸಾಲಿನಲ್ಲಿ ‘= 0’ ಇದೆ, ಕೆಳಗೆ x = 8 ಎಂಬ ಮೂಲ ಉತ್ತರದಲ್ಲೇ ಇದೆ. ಅಪವರ್ತನಕ್ಕಿರುವ ಅರ್ಧ ಅಂಕವನ್ನು ಇದಕ್ಕಾಗಿ ಕಳೆಯುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ.

ಹಂತ 6: ಮುಖ್ಯ ಉತ್ತರ ಅಲ್ಲಿ ಸುಮ್ಮನಿದೆಯೋ, ಬೇರೆ ಮಾತು ಹೇಳುತ್ತಿದೆಯೋ?

ಇಡೀ ತೀರ್ಮಾನ ನಿಂತಿರುವುದು ಈ ಹಂತದ ಮೇಲೆ. ರಫ್ ವರ್ಕ್ ಸರಿಯಿದೆ, ಈ ಪ್ರಶ್ನೆಯದೇ ಆಗಿದೆ, ಅಂಕಪಟ್ಟಿಯಲ್ಲೂ ಇದೆ. ಇಷ್ಟಾದರೂ ಅಂಕ ಕೊಡುವ ಮೊದಲು ಉತ್ತರದ ಪುಟದಲ್ಲಿ ಅದೇ ಜಾಗದಲ್ಲಿ ಏನಿದೆ ಎಂದು ನೋಡಬೇಕು.

ಏನೂ ಇಲ್ಲದಿದ್ದರೆ, ಅಂದರೆ ಒಂದು ಸಾಲಿನಿಂದ ಇನ್ನೊಂದಕ್ಕೆ ಹಾರಿದ್ದರೆ, ರಫ್ ವರ್ಕ್ ಆ ಖಾಲಿಯನ್ನು ತುಂಬುತ್ತದೆ. ಅಂಕ ಕೊಡಿ. ನಮ್ಮ ಉದಾಹರಣೆ ಈ ಬಗೆಯದು.

ಅಲ್ಲಿ ಬೇರೆಯದೇ ಏನೋ ಇದ್ದರೆ ಮುಖ್ಯ ಉತ್ತರವೇ ಅಂತಿಮ. ಅದೇ ಪರೀಕ್ಷೆಯಲ್ಲಿ ಇನ್ನೊಬ್ಬ ವಿದ್ಯಾರ್ಥಿ ಕೊನೆಯ ಪುಟದಲ್ಲಿ x² + 7x − 120 = 0 ಎಂದು ಸರಿಯಾಗಿ ಬರೆದು, ಉತ್ತರಕ್ಕೆ ತರುವಾಗ x² + 7x + 120 = 0 ಎಂದು ಬರೆದಿದ್ದ. ಆಮೇಲೆ 49 − 480 ಋಣ, ಆದ್ದರಿಂದ ವಾಸ್ತವ ಮೂಲಗಳಿಲ್ಲ ಎಂದು ಮುಗಿಸಿದ್ದ. ಅವನ ಪತ್ರಿಕೆ ತಿದ್ದುವಾಗ ನಿಜಕ್ಕೂ ಹೊಟ್ಟೆ ಉರಿಯಿತು. ಆದರೂ ಆದರ್ಶ ರೂಪದ ½ ಅಂಕ ಅವನಿಗೆ ಸಲ್ಲುವುದಿಲ್ಲ. ಅವನು ಎರಡು ಬೇರೆ ಬೇರೆ ಸಮೀಕರಣಗಳನ್ನು ಬರೆದಿದ್ದಾನೆ, ಯಾವುದನ್ನು ಉತ್ತರವಾಗಿ ಒಪ್ಪಿಸಬೇಕೆಂದು ತಾನೇ ಆರಿಸಿದ್ದಾನೆ. ಅವನ ಪರವಾಗಿ ನಾವು ಮತ್ತೆ ಆರಿಸುವಂತಿಲ್ಲ. ಹಾಗೆ ಆರಿಸಲು ಹೊರಟರೆ, ಹಿಂದಿನ ಪುಟದಲ್ಲಿ ನಾಲ್ಕು ಬಗೆಯ ಉತ್ತರ ಬರೆದಿಟ್ಟವನಿಗೂ ಸರಿಯಾದುದನ್ನು ಹೆಕ್ಕಿ ಅಂಕ ಕೊಡಬೇಕಾಗುತ್ತದೆ.

ಬಹು ಆಯ್ಕೆ ಪ್ರಶ್ನೆಯಲ್ಲೂ ಹೀಗೆಯೇ. ಮಾರ್ಜಿನ್‌ನಲ್ಲಿ ಲೆಕ್ಕ ಸರಿಯಾಗಿ ಮಾಡಿ, ಉತ್ತರದಲ್ಲಿ ತಪ್ಪು ಆಯ್ಕೆ ಬರೆದಿದ್ದರೆ ಅಂಕವಿಲ್ಲ. ಅಲ್ಲಿ ಅಂಕವಿರುವುದು ಆಯ್ಕೆಗೇ, ಲೆಕ್ಕಕ್ಕಲ್ಲ.

ಉತ್ತರದ ಜಾಗದಲ್ಲಿ ಪ್ರಶ್ನೆ ಸಂಖ್ಯೆಯೇ ಇಲ್ಲ, ಹಿಂದಿನ ಪುಟದಲ್ಲಿ ಮಾತ್ರ ಬಿಡಿಸಿದ್ದಾರೆ ಎಂದರೆ? ಸಮೀಕರಣದಿಂದ ಉತ್ತರದವರೆಗೆ ಸಾಲುಗಳಿದ್ದರೆ ನಾನು ಅದನ್ನು ರಫ್ ವರ್ಕ್ ಎನ್ನುವುದಿಲ್ಲ. ಅದು ಪ್ರಶ್ನೆ ಸಂಖ್ಯೆ ಬರೆಯಲು ಮರೆತ ಉತ್ತರ, ಹಾಗೆಂದೇ ತಿದ್ದುತ್ತೇನೆ. ಅಲ್ಲೊಂದು ಇಲ್ಲೊಂದು ತುಣುಕು ಮಾತ್ರ ಇದ್ದರೆ ನನ್ನೊಬ್ಬನ ತೀರ್ಮಾನಕ್ಕೆ ಬಿಡದೆ ಉಪ ಮುಖ್ಯ ಮೌಲ್ಯಮಾಪಕರಿಗೆ ಅಥವಾ ಸಹೋದ್ಯೋಗಿಗೆ ತೋರಿಸುತ್ತೇನೆ.

ಹಂತ 7: ಗೀಟು ಹಾಕಿದ್ದರೆ ಯಾವ ಗೀಟು ಎಂದು ನೋಡಿ

ಇಂಗ್ಲೆಂಡಿನ ಎಡೆಕ್ಸೆಲ್ ಪರೀಕ್ಷೆಗಳ ಮೌಲ್ಯಮಾಪಕರಿಗೆ ಒಂದು ಸ್ಪಷ್ಟ ಸೂಚನೆಯಿದೆ: ಹೊಡೆದುಹಾಕಿದ್ದನ್ನೂ ತಿದ್ದಬೇಕು, ಅದರ ಬದಲಿಗೆ ಬೇರೆ ಉತ್ತರ ಬರೆದಿದ್ದರೆ ಮಾತ್ರ ಬಿಡಬೇಕು. ನಿಮ್ಮ ಪರೀಕ್ಷೆಗೆ ಇಂಥ ನಿಯಮ ಇಲ್ಲದಿರಬಹುದು. ಆದರೆ ನಮ್ಮ ಮಕ್ಕಳ ಗೀಟಿಗೆ ಎರಡು ಅರ್ಥವಿದೆ, ಅದನ್ನು ಬೆರೆಸಬಾರದು.

‘ರಫ್ ವರ್ಕ್ ಪುಟಕ್ಕೆ ಕೊನೆಯಲ್ಲಿ ಓರೆ ಗೀಟು ಎಳೆಯಿರಿ’ ಎಂದು ಮಕ್ಕಳಿಗೆ ಹೇಳಿಕೊಡುವವರು ನಾವೇ. ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಒಂದೇ ಉದ್ದ ಗೀಟು ಇದ್ದರೆ ‘ಇದು ರಫ್ ವರ್ಕ್’ ಎಂದಷ್ಟೇ ಅರ್ಥ, ‘ಇದು ತಪ್ಪು’ ಎಂದಲ್ಲ. ಆ ಗೀಟಿನ ಕಾರಣಕ್ಕೆ ಅಂಕ ನಿರಾಕರಿಸಿದರೆ ನಾವು ಹೇಳಿದ್ದನ್ನು ಪಾಲಿಸಿದ ಮಗುವಿಗೇ ಶಿಕ್ಷೆಯಾಗುತ್ತದೆ. ಒಂದು ಸಾಲಿನ ಮೇಲೆ ಮಾತ್ರ ಅಡ್ಡ ಗೀಟು, ಗೀಚು ಇದ್ದರೆ ಅದು ಬೇರೆ. ಮಗು ಆ ಸಾಲನ್ನು ಹಿಂದಕ್ಕೆ ಪಡೆದಿದೆ. ಅಂಥ ಸಾಲು ಸರಿಯಾಗಿದ್ದರೂ, ಅದರ ಕೆಳಗೆ ಬೇರೆ ಸಾಲು ಬರೆದಿದ್ದರೆ ಕೆಳಗಿನದನ್ನೇ ತೆಗೆದುಕೊಳ್ಳಬೇಕು.

ನಮ್ಮ ವಿದ್ಯಾರ್ಥಿನಿಯ ಕೊನೆಯ ಪುಟದ ಮೇಲೆ ಇದ್ದದ್ದು ಓರೆ ಗೀಟು. ಒಂದೂವರೆ ಕೊಟ್ಟ ಶಿಕ್ಷಕರು ಅದನ್ನೇ ಕಾರಣವಾಗಿ ಹೇಳಿದ್ದರು. ಅದೇ ಗೀಟು ಪುಟದ ಎಲ್ಲ ಲೆಕ್ಕಗಳ ಮೇಲೂ ಹಾದುಹೋಗಿತ್ತು, ಉತ್ತರಗಳಲ್ಲಿ ಆಕೆ ಬಳಸಿಕೊಂಡಿದ್ದ ಸರಿ ಗುಣಾಕಾರಗಳ ಮೇಲೆ ಕೂಡ. ಅದನ್ನು ತೋರಿಸಿದ ಮೇಲೆ ಅವರೂ ಒಪ್ಪಿದರು.

ಹಂತ 8: ರಫ್ ವರ್ಕ್ ನೋಡಿ ಅಂಕ ಕಳೆಯಬೇಡಿ

ಇದು ಬಹಳ ಜನರಿಗೆ ಹೊಳೆಯದ ತಪ್ಪು. ಇನ್ನೊಂದು ಪತ್ರಿಕೆಯಲ್ಲಿ ಉತ್ತರ ಪೂರ್ತಿಯಾಗಿ, ಹಂತಹಂತವಾಗಿ ಸರಿಯಿತ್ತು. ಮಾರ್ಜಿನ್‌ನಲ್ಲಿ ಮಾತ್ರ ‘8, 15, 17’ ಎಂದು ಬರೆದು ಸುತ್ತ ವೃತ್ತ ಹಾಕಿದ್ದ. ಅದು ಪೈಥಾಗೊರಸ್ ತ್ರಿವಳಿ. ‘ಇವನು ಮೊದಲೇ ಉತ್ತರ ಊಹಿಸಿ ಆಮೇಲೆ ಹಂತಗಳನ್ನು ಜೋಡಿಸಿದ್ದಾನೆ’ ಎಂದು ಒಬ್ಬರು ಅರ್ಧ ಅಂಕ ಕಡಿಮೆ ಮಾಡಿದ್ದರು.

ಊಹಿಸಿರಲೂಬಹುದು. ಆದರೆ ಅಂಕಪಟ್ಟಿಯ ಪ್ರತಿ ಹಂತವೂ ಉತ್ತರದಲ್ಲಿದೆ, ಪ್ರತಿ ಹಂತವೂ ಹಿಂದಿನದರಿಂದ ಸರಿಯಾಗಿ ಬಂದಿದೆ. ಮಗು ಯಾವ ದಾರಿಯಿಂದ ಅಲ್ಲಿಗೆ ತಲುಪಿತು ಎಂದು ಪ್ರಶ್ನೆ ಕೇಳಿಲ್ಲ. ಉತ್ತರದಲ್ಲಿ ಖಾಲಿ ಉಳಿದ ಹಂತ ತುಂಬಲು ಮಾತ್ರ ಹಿಂದಿನ ಪುಟ ನೋಡುತ್ತೇವೆ. ತುಂಬಿರುವ ಹಂತವನ್ನು ಖಾಲಿ ಮಾಡಲು ಅದನ್ನು ಬಳಸುವಂತಿಲ್ಲ. ನಕಲಿನ ಅನುಮಾನ ಬಂದರೆ ಅದಕ್ಕೆ ಬೇರೆ ವಿಧಾನವಿದೆ, ಸದ್ದಿಲ್ಲದೆ ಅರ್ಧ ಅಂಕ ಕಳೆಯುವುದು ಆ ವಿಧಾನವಲ್ಲ.

ಹಂತ 9: ಅಂಕವನ್ನು ಎಲ್ಲಿ, ಹೇಗೆ ಬರೆಯಬೇಕು

ನಮ್ಮ ವಿದ್ಯಾರ್ಥಿನಿಗೆ ಈಗ ಲೆಕ್ಕ ಹಾಕೋಣ. ಮುಖ್ಯ ಉತ್ತರದಿಂದ 1½, ಹಿಂದಿನ ಪುಟದ ಎರಡು ಸಾಲುಗಳಿಂದ ತಲಾ ½, ಒಟ್ಟು 2½. x = −15 ಬರೆದು ಬಿಟ್ಟ ಹಂತ ಎರಡೂ ಪುಟಗಳಲ್ಲಿ ಇಲ್ಲದ್ದರಿಂದ ಆ ½ ಇಲ್ಲ. ನಾಲ್ವರಲ್ಲಿ ಯಾರೂ ಕೊಡದ ಅಂಕ ಇದು. ನಿಮ್ಮ ಚೀಟಿಯನ್ನು ಈಗ ನೋಡಬಹುದು.

ಈ ಒಂದು ಅಂಕವನ್ನು ಕೊನೆಯ ಪುಟದಲ್ಲಿ ಬರೆಯಬೇಡಿ. ಕೊನೆಯ ಪುಟದಲ್ಲಿ ಆ ಸಾಲುಗಳ ಸುತ್ತ ಗೆರೆ ಎಳೆದು ಪ್ರಶ್ನೆ ಸಂಖ್ಯೆ ಮಾತ್ರ ಬರೆಯಿರಿ. ಉತ್ತರದ ಪುಟದಲ್ಲಿ, ಖಾಲಿಯಿದ್ದ ಜಾಗದ ಪಕ್ಕ ‘½ + ½, ಕೊನೆಯ ಪುಟ’ ಎಂದು ಬರೆದು, ಒಟ್ಟು 2½ ಎಂದು ಹಾಕಿ. ಕೋಷ್ಟಕಕ್ಕೆ ಹೋಗುವುದು ಉತ್ತರದ ಪುಟದ ಈ ಒಟ್ಟು ಮಾತ್ರ. ಎರಡೂ ಪುಟಗಳಲ್ಲಿ ಅಂಕ ಬರೆದರೆ ಒಟ್ಟು ಹಾಕುವವರು ಎರಡನ್ನೂ ಕೂಡಿಸುವ ಸಾಧ್ಯತೆ ಇದೆ. ಕೊನೆಯ ಪುಟದಲ್ಲಿ ಮಾತ್ರ ಬರೆದರೆ ಅದು ಕೂಡಿಕೆಯಿಂದ ತಪ್ಪಿಹೋಗುವ ಸಾಧ್ಯತೆ ಇನ್ನೂ ಹೆಚ್ಚು.

ಬೋರ್ಡ್ ಪರೀಕ್ಷೆಯಲ್ಲಿ ಇದಕ್ಕೆ ಮತ್ತೊಂದು ಕಾರಣವಿದೆ. ವಿದ್ಯಾರ್ಥಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬಹುದು, ಮರು ಎಣಿಕೆಗೂ ಮರು ಮೌಲ್ಯಮಾಪನಕ್ಕೂ ಅರ್ಜಿ ಹಾಕಬಹುದು. ಆ ಪ್ರತಿಯನ್ನು ನೋಡುವ ಹೊಸಬರಿಗೆ ನಿಮ್ಮ ಮನಸ್ಸಿನಲ್ಲಿದ್ದುದು ಗೊತ್ತಾಗುವುದು ನಿಮ್ಮ ಬರಹದಿಂದ ಮಾತ್ರ. ಅಂಕ ನಿರಾಕರಿಸಿದಾಗಲೂ ಕೊನೆಯ ಪುಟದ ಆ ಸಾಲಿನ ಪಕ್ಕ ‘ನೋಡಿದೆ, ಉತ್ತರಕ್ಕೆ ವಿರುದ್ಧ’ ಎಂದು ಎರಡು ಪದ ಬರೆಯಿರಿ. ಇಲ್ಲದಿದ್ದರೆ ನೀವು ನೋಡಿಯೂ ಕೊಡಲಿಲ್ಲವೋ, ನೋಡಲೇ ಇಲ್ಲವೋ ಎಂದು ಯಾರಿಗೂ ತಿಳಿಯದು.

ಹಂತ 10: ನೋಟ್‌ಬುಕ್‌ನಲ್ಲಿ ಬರೆದು ಹಿಂದಕ್ಕೆ ಹೋಗಿ

ಹೊಸ ಬಗೆಯ ಪ್ರಕರಣ ಎದುರಾಗಿ ತೀರ್ಮಾನಿಸಿದ ಕೂಡಲೇ ಅದನ್ನು ಒಂದು ಸಾಲಿನಲ್ಲಿ ಬರೆದಿಡಿ: ಯಾವ ಪ್ರಶ್ನೆ, ಏನಿತ್ತು, ಏನು ಕೊಟ್ಟೆ, ಏಕೆ. ‘ಪ್ರ. 29, ಅಪವರ್ತನ ಹಿಂದೆ ಮಾತ್ರ, ಉತ್ತರದಲ್ಲಿ ಖಾಲಿ, ½ ಕೊಟ್ಟೆ’ ಎಂದಿದ್ದರೆ ಸಾಕು. ಆಮೇಲೆ ಅದುವರೆಗೆ ತಿದ್ದಿದ ಪತ್ರಿಕೆಗಳಲ್ಲಿ ಆ ಪ್ರಶ್ನೆಯನ್ನು ಮಾತ್ರ ಮತ್ತೆ ತೆಗೆದು, ಇಂಥದ್ದೇ ಸ್ಥಿತಿ ಇದ್ದು ಅಂಕ ಕೊಡದೆ ಬಿಟ್ಟಿದ್ದೇನೆಯೇ ಎಂದು ನೋಡಿ. ಬೇಸರದ ಕೆಲಸ ನಿಜ. ಆದರೆ ಕಟ್ಟಿನಲ್ಲಿ ಮೊದಲಿದ್ದ ಮಗುವಿಗೆ ಅರ್ಧ ಅಂಕ ತಪ್ಪಲು ಅದು ಮೊದಲಿತ್ತು ಎಂಬುದು ಕಾರಣವಾಗಬಾರದು.

ದಿನದ ಕೊನೆಗೆ ನೋಟ್‌ಬುಕ್ ತೆರೆದು ಒಂದು ಪರೀಕ್ಷೆ ಮಾಡಿಕೊಳ್ಳಿ. ರಫ್ ವರ್ಕ್‌ನಿಂದ ಅಂಕ ಪಡೆದ ಪತ್ರಿಕೆಗಳೆಲ್ಲ ಉತ್ತೀರ್ಣದ ಗಡಿಯ ಹತ್ತಿರದವೇ? ಹಾಗಿದ್ದರೆ ನೀವು ಹಿಂದಿನ ಪುಟ ನೋಡಿದ್ದು ಅಂಕ ಸಾಲದಿದ್ದ ಮಕ್ಕಳದ್ದನ್ನು ಮಾತ್ರ. ಅಥವಾ ಅಕ್ಷರ ಅಂದವಾಗಿದ್ದವರದ್ದೇ? ಹಾಗಿದ್ದರೆ ಗಜಿಬಿಜಿ ಬರೆದವರ ಹಿಂದಿನ ಪುಟವನ್ನು ಓದದೆ ದಾಟಿಸಿದ್ದೀರಿ. ಎರಡರಲ್ಲಿ ಯಾವುದು ಕಂಡರೂ ಮರುದಿನ ಹೊಸ ಕಟ್ಟು ತೆಗೆಯುವ ಮೊದಲು ಹಳೆಯ ಕಟ್ಟಿನ ಹಿಂದಿನ ಪುಟಗಳನ್ನು ಮತ್ತೆ ನೋಡಿ.

ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಯಾದರೆ ಇನ್ನೊಂದು ಕೆಲಸ ಉಳಿದಿರುತ್ತದೆ. ಆ ವಿದ್ಯಾರ್ಥಿನಿಗೆ ಪತ್ರಿಕೆ ಹಿಂದಿರುಗಿಸುವಾಗ ಎರಡೂ ಪುಟಗಳನ್ನು ಪಕ್ಕಪಕ್ಕ ತೆರೆದು, x² + 7x − 120 = 0 ಎಂಬ ಸಾಲನ್ನು ಹಿಂದಿನ ಪುಟದಿಂದ ಉತ್ತರಕ್ಕೆ ಇಳಿಸಿ ಬರೆಯಲು ಹೇಳಿದೆ. ಅಪವರ್ತನವನ್ನೂ ಇಳಿಸಿದಳು. ಅದರ ಕೆಳಗೆ, ನಾನು ಹೇಳುವ ಮೊದಲೇ, x = −15 ಎಂದು ಬರೆದು ಹೊಡೆದುಹಾಕಿದಳು.